‘ಸರ್ವರ್ ಡೌನ್’ ಎನ್ನುವ ಮೊದಲು

ಊರಿನ ಡಿಜಿಟಲ್ ಕೇಂದ್ರಕ್ಕೆ ಹೋಗಿ ಬರುವ ಎಲ್ಲರಲ್ಲಿ, ಅದನ್ನು ನಡೆಸುವವರಲ್ಲಿ, ಅದಕ್ಕೆ ದುಡ್ಡು ಮಂಜೂರು ಮಾಡುವ ಪಂಚಾಯಿತಿ ಸದಸ್ಯರಲ್ಲಿ ಒಂದು ಮನವಿ. ಪುಟ ತೆರೆಯದೆ ಚಕ್ರ ಸುತ್ತುತ್ತಾ ನಿಂತಾಗ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂದು ಹೇಳುವ ಮೊದಲು, ಅಥವಾ ಆ ಮಾತು ಕೇಳಿ ಎದ್ದು ಹೊರಡುವ ಮೊದಲು, ಎರಡು ನಿಮಿಷ ತಡೆಯಿರಿ. ಸರ್ವರ್ ನಿಜವಾಗಿಯೂ ಕೈಕೊಡುವ ದಿನಗಳಿವೆ, ಇಲ್ಲ ಎನ್ನುವುದಿಲ್ಲ. ಅರ್ಜಿಯ ಕೊನೆಯ ದಿನ ಸಂಜೆ ಯಾವ ಪೋರ್ಟಲ್ ತಾನೇ ಸಲೀಸಾಗಿ ತೆರೆದುಕೊಳ್ಳುತ್ತದೆ? ಆದರೆ ಮಾಮೂಲಿ ದಿನದ ಮಧ್ಯಾಹ್ನ ಹನ್ನೆರಡಕ್ಕೆ ನಿಂತುಹೋಗುವ ಕೆಲಸದಲ್ಲಿ ಅನೇಕ ಸಲ ಸರ್ವರ್‌ನ ತಪ್ಪು ಏನೂ ಇರುವುದಿಲ್ಲ. ಕಟ್ಟಿಕೊಂಡಿರುವುದು ನಮ್ಮದೇ ಕೋಣೆಯ ಮೂಲೆಯಲ್ಲಿ ದೀಪ ಮಿನುಗಿಸುತ್ತಿರುವ ಪುಟ್ಟ ಪೆಟ್ಟಿಗೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ, ಅಲ್ಲಿ ಕಪಾಟುಗಳ ಪಕ್ಕ ಕಂಪ್ಯೂಟರ್‌ಗಳು ಬಂದಿವೆ. 2022ರಿಂದ ಗ್ರಾಮ ಒನ್ ಕೇಂದ್ರಗಳೂ ಇವೆ. ಹೆಸರು ಏನೇ ಇರಲಿ, ಒಳಗಿನ ಏರ್ಪಾಟು ಬಹುಪಾಲು ಒಂದೇ: ಎರಡೋ ಮೂರೋ ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಇಂಟರ್ನೆಟ್ ಲೈನು, ಗೋಡೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ವೈಫೈ ಪಾಸ್‌ವರ್ಡ್. ಆ ಪಾಸ್‌ವರ್ಡ್ ಊರಿಗೆಲ್ಲ ಗೊತ್ತು. ಗೊತ್ತಿರಬೇಕಾದದ್ದೇ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಅಂಥ ಕಡೆ ಪಂಚಾಯಿತಿಯ ವೈಫೈ ಬಿಟ್ಟರೆ ಮಕ್ಕಳಿಗೆ ಬೇರೆ ದಾರಿಯಿಲ್ಲ. ಆದ್ದರಿಂದ ‘ಫೋನಿನವರನ್ನೆಲ್ಲ ಹೊರಗೆ ಹಾಕಿ, ಕಂಪ್ಯೂಟರ್‌ಗೆ ಮಾತ್ರ ನೆಟ್ ಕೊಡಿ’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಫೋನೂ ಇರಲಿ, ಕಂಪ್ಯೂಟರೂ ನಡೆಯಲಿ. ಅದಕ್ಕೆ ಬೇಕಾದ ಹೊಂದಾಣಿಕೆ ಹೇಗೆ ಎನ್ನುವುದಷ್ಟೇ ಇಲ್ಲಿನ ವಿಷಯ.

ಒಂದು ಉದಾಹರಣೆ ಹಿಡಿದು ನೋಡೋಣ. ಕೇಂದ್ರದ ಲೈನು ಒಳಕ್ಕೆ, ಅಂದರೆ ಡೌನ್‌ಲೋಡಿಗೆ, 20 ಎಂಬಿಪಿಎಸ್ ಕೊಡುತ್ತದೆ. ಹೊರಕ್ಕೆ, ಅಂದರೆ ಅಪ್‌ಲೋಡಿಗೆ, 4 ಎಂಬಿಪಿಎಸ್ ಎಂದುಕೊಳ್ಳಿ. 4ಜಿ ರೂಟರ್ ಹಾಕಿಕೊಂಡ ಕಡೆ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಜನ 20 ಎನ್ನುವ ಅಂಕಿಯನ್ನು ಮಾತ್ರ ನೋಡುತ್ತಾರೆ, 4ರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಬೆಳಿಗ್ಗೆ ಹನ್ನೊಂದೂವರೆ. ಮೂರೂ ಕಂಪ್ಯೂಟರ್ ನಡೆಯುತ್ತಿವೆ. ಒಂದರಲ್ಲಿ ಆದಾಯ ಪ್ರಮಾಣಪತ್ರದ ಅರ್ಜಿ, ಇನ್ನೊಂದರಲ್ಲಿ ಪಹಣಿ, ಮೂರನೆಯದರಲ್ಲಿ ಡಿಗ್ರಿ ಓದುವ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ. ಎಲ್ಲ ಚೆನ್ನಾಗಿದೆ. ಆಗ ಮೊನ್ನೆಯಷ್ಟೇ ಮನೆಯಲ್ಲಿ ಮದುವೆ ಮುಗಿಸಿದ ಯಜಮಾನರೊಬ್ಬರು ಬಂದು, ತಮ್ಮ ಸರದಿ ಬರುವವರೆಗೆ ಎಂದು ಬೆಂಚಿನ ಮೇಲೆ ಕೂತು, ಗೋಡೆಯ ಪಾಸ್‌ವರ್ಡ್ ಹೊಡೆದು ವೈಫೈಗೆ ಸೇರಿಕೊಳ್ಳುತ್ತಾರೆ. ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಅವರು ಯಾವ ವಿಡಿಯೊ ನೋಡಲಿಲ್ಲ, ಏನೂ ಒತ್ತಲಿಲ್ಲ.

ಆದರೆ ಫೋನು ಸುಮ್ಮನಿರುವುದಿಲ್ಲ. ಮೊಬೈಲ್ ಡೇಟಾ ಇರುವಾಗ ಕೈಬಿಗಿಹಿಡಿದುಕೊಂಡಿದ್ದ ಅದು ವೈಫೈ ಸಿಕ್ಕ ಕೂಡಲೇ ಇದು ಪುಕ್ಕಟೆ ಎಂದುಕೊಳ್ಳುತ್ತದೆ. ಅದನ್ನು ತಯಾರಿಸಿದವರ ಲೆಕ್ಕದಲ್ಲಿ ವೈಫೈ ಎಂದರೆ ಮನೆಯ ವೈಫೈ. ನಲವತ್ತು ಮನೆಯವರು ಹಂಚಿಕೊಳ್ಳುವ ವೈಫೈ ಅವರ ತಲೆಯಲ್ಲಿ ಇರಲೇ ಇಲ್ಲ. ಹೀಗಾಗಿ ಮದುವೆಯ ಮುನ್ನೂರು ಫೋಟೊ ಗೂಗಲ್ ಫೋಟೋಸ್‌ಗೆ ಏರಲು ಶುರುವಾಗುತ್ತವೆ. ಫೋಟೊ ಒಂದಕ್ಕೆ 3 ಎಂಬಿ ಹಿಡಿದರೆ ಒಟ್ಟು 900 ಎಂಬಿ. ಲೈನಿನ ಲೆಕ್ಕ ಬಿಟ್‌ಗಳಲ್ಲಿ ಇರುವುದರಿಂದ ಎಂಟರಿಂದ ಗುಣಿಸಿದರೆ 7,200 ಮೆಗಾಬಿಟ್. ಸೆಕೆಂಡಿಗೆ 4ರಂತೆ ಹೊರಗೆ ಹೋಗಲು 1,800 ಸೆಕೆಂಡು, ಅಂದರೆ ಸರಿಯಾಗಿ ಅರ್ಧ ಗಂಟೆ. ಆ ಅರ್ಧ ಗಂಟೆ ಹೊರಹೋಗುವ ದಾರಿ ಪೂರ್ತಿ ಒಂದೇ ಫೋನಿನದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅರ್ಜಿ ತುಂಬುವವರು ಕಳಿಸುವುದು ನಾಲ್ಕು ಸಾಲು ಅಕ್ಷರ, ಒಂದು ಸಣ್ಣ ಪಿಡಿಎಫ್. ದಾರಿ ತುಂಬಿದ್ದರೂ ಅಷ್ಟು ಸಣ್ಣದು ನುಸುಳಿ ಹೋಗಬಾರದೇ? ಹೋಗುವುದಿಲ್ಲ, ಏಕೆಂದರೆ ರೂಟರ್ ಒಳಗೆ ಒಂದು ಸರದಿ ಇದೆ. ಲೈನು ಹೊರಲಾರದಷ್ಟು ಮಾಹಿತಿ ಬಂದಾಗ ರೂಟರ್ ಅದನ್ನು ಎಸೆಯದೆ ತನ್ನ ನೆನಪಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ನಮ್ಮ ಪೆಟ್ಟಿಗೆಯ ಸಾಲಿನಲ್ಲಿ 1 ಎಂಬಿ ಹಿಡಿಯುತ್ತದೆ ಎಂದುಕೊಂಡರೆ ಅದು 8 ಮೆಗಾಬಿಟ್ ಆಯಿತು. ಸೆಕೆಂಡಿಗೆ 4 ಹೋಗುವ ಲೈನಿನಲ್ಲಿ ಆ ಸಾಲು ಕರಗಲು 2 ಸೆಕೆಂಡು. ಫೋಟೊ ಏರುತ್ತಲೇ ಇರುವುದರಿಂದ ಸಾಲು ಕರಗುವುದೂ ಇಲ್ಲ, ಸದಾ ತುಂಬಿಯೇ ಇರುತ್ತದೆ. ಪಕ್ಕದ ಕಂಪ್ಯೂಟರಿನಿಂದ ಹೊರಟ ಪ್ರತಿ ತುಣುಕೂ, ಅದು ಎಷ್ಟೇ ಸಣ್ಣದಿರಲಿ, ಆ ಸಾಲಿನ ಬಾಲಕ್ಕೆ ಹೋಗಿ ನಿಂತು 2 ಸೆಕೆಂಡು ಕಾಯಬೇಕು.

ಎರಡು ಸೆಕೆಂಡು ತಾನೇ ಎನ್ನಬೇಡಿ. ಸುರಕ್ಷಿತ ಪುಟವೊಂದು ತೆರೆಯುವ ಮೊದಲು ಕಂಪ್ಯೂಟರ್ ಹಲವು ಸಲ ಹೋಗಿ ಬರಬೇಕು. ಮೊದಲು ಆ ವೆಬ್‌ಸೈಟಿನ ವಿಳಾಸ ಕೇಳಬೇಕು, ಆಮೇಲೆ ಸಂಪರ್ಕ ಬೆಳೆಸಬೇಕು, ಆಮೇಲೆ ಗುಟ್ಟಿನ ಬೀಗದ ಮಾತುಕತೆ, ಕೊನೆಗೆ ಪುಟ ಕೊಡು ಎಂಬ ಕೋರಿಕೆ. ಇಂಥ ಐದು ಓಡಾಟಕ್ಕೆ ಎರಡೆರಡು ಸೆಕೆಂಡಿನಂತೆ ಹತ್ತು ಸೆಕೆಂಡು ಹೋಯಿತು, ಪರದೆಯ ಮೇಲೆ ಇನ್ನೂ ಒಂದಕ್ಷರ ಮೂಡಿಲ್ಲ. ಆ ಪುಟದ ಚಿತ್ರಗಳು, ಕ್ಯಾಪ್ಚಾ, ಒಟಿಪಿ ಪೆಟ್ಟಿಗೆ ಎಲ್ಲ ಆಮೇಲಿನ ಮಾತು. ಒಟಿಪಿ ಮೊಬೈಲಿಗೆ ಬಂದು ಅವಧಿ ಮುಗಿಯುವ ಹೊತ್ತಿಗೂ ಪುಟ ಮುಂದೆ ಹೋಗಿರುವುದಿಲ್ಲ. ಡೌನ್‌ಲೋಡ್ ಕೂಡ ಕುಸಿಯುತ್ತದೆ, ಯಾಕೆಂದರೆ ಒಳಗೆ ಬಂದ ಪ್ರತಿ ಕಂತಿಗೂ ‘ತಲುಪಿತು’ ಎಂಬ ರಸೀದಿ ಹೊರಗೆ ಹೋಗಬೇಕು, ಆ ರಸೀದಿಗಳೂ ಅದೇ ಸಾಲಿನಲ್ಲಿ ಸಿಕ್ಕಿಬಿದ್ದಿವೆ. ಅರ್ಜಿ ತುಂಬುತ್ತಿದ್ದ ಹುಡುಗಿ ಎರಡು ಸಲ ಮೊದಲಿನಿಂದ ಶುರುಮಾಡಿ, ಮೂರನೆಯ ಸಲ ಕೈಬಿಟ್ಟು ಎದ್ದಳು. ಬೆಂಚಿನ ಮೇಲಿದ್ದ ಯಜಮಾನರೂ ಸರ್ವರ್‌ಗೆ ಬೈದರು.

ಇದು ನಮ್ಮ ಹಳ್ಳಿಗೆ ಮಾತ್ರ ಅಂಟಿದ ಕಾಯಿಲೆಯಲ್ಲ. ವೆಬ್‌ನ ಮೂಲ ನಿಯಮಾವಳಿ ರೂಪಿಸಿದವರಲ್ಲಿ ಒಬ್ಬರಾದ ಅಮೆರಿಕದ ಎಂಜಿನಿಯರ್ ಜಿಮ್ ಗೆಟಿಸ್ 2010ರಲ್ಲಿ ತಮ್ಮ ಮನೆಯಿಂದ ದೊಡ್ಡ ಫೈಲುಗಳನ್ನು ಕಳಿಸುವಾಗ ಮನೆಯವರ ಇಂಟರ್ನೆಟ್ ಎಲ್ಲ ನಿಂತುಹೋಗುವುದನ್ನು ಗಮನಿಸಿ ಜಾಡು ಹಿಡಿದು ಹೋದರು. ರೂಟರ್ ಮೋಡೆಮ್‌ಗಳಲ್ಲಿ ಅಗತ್ಯಕ್ಕಿಂತ ಉದ್ದದ ಸಾಲು ಇಟ್ಟಿರುವುದೇ ಕಾರಣ ಎಂದು ತೋರಿಸಿ, ಅದಕ್ಕೆ ‘ಬಫರ್‌ಬ್ಲೋಟ್’ ಎಂಬ ಹೆಸರನ್ನು ಎಲ್ಲರ ಬಾಯಿಗೆ ತಂದರು. ಮದ್ದೂ ಬಂದು ಹತ್ತು ವರ್ಷದ ಮೇಲಾಯಿತು. ನಮ್ಮ ಕೇಂದ್ರಗಳ ಪೆಟ್ಟಿಗೆಗಳಿಗೆ ಮಾತ್ರ ಅದನ್ನು ಹಾಕಿದವರಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಕೇಂದ್ರ ನಡೆಸುವವರಲ್ಲಿ ನನ್ನ ಮೊದಲ ಕೋರಿಕೆ ಇದು. ವಿಂಡೋಸ್ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಒತ್ತಿ `cmd` ಎಂದು ಬರೆದರೆ ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅಂಥವು ಎರಡನ್ನು ತೆರೆದು, ಒಂದರಲ್ಲಿ ಮೊದಲ ಸಾಲನ್ನೂ ಇನ್ನೊಂದರಲ್ಲಿ ಎರಡನೆಯ ಸಾಲನ್ನೂ ಬರೆಯಿರಿ.

```
ping -t 192.168.1.1
ping -t 8.8.8.8
```

ಮೊದಲಿನದು ನಮ್ಮ ರೂಟರಿಗೇ ಕೂಗು ಹಾಕಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ (ನಿಮ್ಮ ರೂಟರ್ ವಿಳಾಸ ಬೇರೆಯಿರಬಹುದು, `ipconfig` ಎಂದು ಬರೆದರೆ `Default Gateway` ಎದುರು ಕಾಣುತ್ತದೆ). ಎರಡನೆಯದು ಹೊರಜಗತ್ತಿನ ಒಂದು ವಿಳಾಸಕ್ಕೆ. ಪ್ರತಿ ಸಾಲಿನಲ್ಲೂ `time=` ಮುಂದೆ ಬರುವ ಅಂಕಿ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕ. ನಿಲ್ಲಿಸಲು `Ctrl+C`.

ಈಗ ಮೂರು ಸಾಧ್ಯತೆ. ರೂಟರಿನ ಅಂಕಿ 1, 2, 3 ಎಂದು ನೆಟ್ಟಗಿದ್ದು, ಹೊರಗಿನದು ಖಾಲಿ ಹೊತ್ತಿನಲ್ಲಿ 40 ಇದ್ದದ್ದು 1,500, 2,000 ಎಂದು ಏರಿದ್ದರೆ ಸಾಲು ತುಂಬಿದೆ; ಯಾವುದೋ ಫೋನೋ ಕಂಪ್ಯೂಟರೋ ಲೈನನ್ನು ನುಂಗುತ್ತಿದೆ. ರೂಟರಿನ ಅಂಕಿಯೇ 5, 300, 12, 800 ಎಂದು ಕುಣಿಯುತ್ತಿದ್ದರೆ ಗಡಿಬಿಡಿ ವೈಫೈಯದ್ದು, ಹೊರಗಿನ ಲೈನಿಗೆ ಬೈದು ಫಲವಿಲ್ಲ. ಎರಡೂ ನೆಟ್ಟಗಿವೆ, ಬೇರೆ ವೆಬ್‌ಸೈಟುಗಳು ತೆರೆಯುತ್ತಿವೆ, ಬೇಕಾದ ಪೋರ್ಟಲ್ ಒಂದೇ ತೆರೆಯುತ್ತಿಲ್ಲ ಎಂದಾದರೆ ಆಗ ಧೈರ್ಯವಾಗಿ ಹೇಳಿ, ಸರ್ವರ್ ಡೌನ್ ಎಂದು. ಹೊರಗಿನದು ಉತ್ತರವನ್ನೇ ಕೊಡದೆ `Request timed out` ಎಂದು ಬಿಡದೆ ಬರುತ್ತಿದ್ದರೆ ಲೈನೇ ಹೋಗಿದೆ, ಅದು ಬೇರೆ ಕಥೆ.

ಸ್ಪೀಡ್ ಟೆಸ್ಟ್ ಮಾಡಿ 20 ಬಂತು ಎಂದು ಸಮಾಧಾನಪಡುವವರಿಗೆ ಒಂದು ಮಾತು. ಅದು ಎಷ್ಟು ಹರಿಯುತ್ತದೆ ಎಂದು ಹೇಳುತ್ತದೆ, ಎಷ್ಟು ಕಾಯಬೇಕು ಎಂದು ಹೇಳುವುದಿಲ್ಲ. ಅರ್ಜಿ ತುಂಬುವವರಿಗೆ ಬೇಕಿರುವುದು ಎರಡನೆಯದು. `fast.com` ತೆರೆದು ಅಳೆದ ಮೇಲೆ `Show more info` ಒತ್ತಿದರೆ ಲೈನು ಖಾಲಿಯಿದ್ದಾಗಿನ ಕಾಯುವಿಕೆ `Unloaded` ಎಂದೂ, ತುಂಬಿದ್ದಾಗಿನದು `Loaded` ಎಂದೂ ಬೇರೆಬೇರೆಯಾಗಿ ಕಾಣುತ್ತವೆ. ಎರಡರ ನಡುವೆ ಅಜಗಜಾಂತರ ಇದ್ದರೆ ನಿಮ್ಮ ಪೆಟ್ಟಿಗೆಗೆ ಈ ಕಾಯಿಲೆ ಇದೆ.

ಇನ್ನು ಮದ್ದಿನ ವಿಷಯ. ಮೊದಲು ಪಂಚಾಯಿತಿ ಸದಸ್ಯರಿಗೆ ಹೇಳಬೇಕಾದದ್ದು: ದೂರು ಬಂದ ಕೂಡಲೇ ‘ದೊಡ್ಡ ಪ್ಲಾನ್ ಹಾಕಿಸೋಣ’ ಎಂದು ಹೊರಡಬೇಡಿ. ದೊಡ್ಡ ಲೈನಿನಲ್ಲಿ ಸಾಲು ಬೇಗ ಕರಗುತ್ತದೆ ನಿಜ, ಆದರೆ ಬೆಂಚಿನ ಮೇಲಿನ ಫೋನುಗಳು ಎಷ್ಟು ಕೊಟ್ಟರೂ ಅಷ್ಟನ್ನೂ ತುಂಬಿಸುತ್ತವೆ. ತಿಂಗಳ ಬಾಡಿಗೆ ಶಾಶ್ವತವಾಗಿ ಏರುತ್ತದೆ, ತೊಂದರೆ ಅರ್ಧ ಉಳಿಯುತ್ತದೆ. ಅದಕ್ಕಿಂತ ಒಂದೇ ಸಲ ಎರಡು ಮೂರು ಸಾವಿರ ರೂಪಾಯಿ ಹಾಕಿ ಒಳ್ಳೆಯ ರೂಟರ್ ತಂದು, ಲೈನಿನವರು ಕೊಟ್ಟ ಪೆಟ್ಟಿಗೆಯ ಮುಂದೆ ಕೂರಿಸುವುದು ಮೇಲು. ಲೈನಿನವರ ಪೆಟ್ಟಿಗೆಯ ವೈಫೈಯನ್ನು ಆರಿಸಿಬಿಡಿ. ಕಂಪ್ಯೂಟರ್‌ಗಳಿಗೂ ಪ್ರಿಂಟರಿಗೂ ಹೊಸ ರೂಟರಿನಿಂದ ಕೇಬಲ್ ಎಳೆಯಿರಿ. ಫೋನುಗಳಿಗೆ ಅದರಲ್ಲಿರುವ `Guest Network` ಅನ್ನು ಮಾತ್ರ ಕೊಡಿ, ಗೋಡೆಯ ಮೇಲೆ ಅದರ ಪಾಸ್‌ವರ್ಡ್ ಮಾತ್ರ ಬರೆಯಿರಿ. ಗೆಸ್ಟ್ ವೈಫೈಯಲ್ಲಿ ಇರುವ ಫೋನಿಗೆ ಕಂಪ್ಯೂಟರ್‌ಗಳು ಕಾಣದಂತೆ ಇಡಬಹುದು. ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ತುಂಬಿರುವ ಕಂಪ್ಯೂಟರಿಗೆ ಇಷ್ಟಾದರೂ ಮರೆ ಇರಲೇಬೇಕು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಗೆಸ್ಟ್ ವೈಫೈಗೆ ಬೇರೆಯೇ ವೇಗಮಿತಿ ಹಾಕಲು ಬರುತ್ತದೆಯೇ? ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, `SQM` ಇದೆಯೇ, ಅಥವಾ `OpenWrt` ಹಾಕಲು ಬರುತ್ತದೆಯೇ? ಡಬ್ಬದ ಮೇಲೆ ದೊಡ್ಡದಾಗಿ `QoS` ಎಂದು ಬರೆದಿದ್ದರೆ ಅದನ್ನೇ ನಂಬಬೇಡಿ, ಆ ಹೆಸರಿನಲ್ಲಿ ಒಬ್ಬೊಬ್ಬರು ಒಂದೊಂದು ಮಾರುತ್ತಾರೆ.

ಮೊದಲ ಬಗೆಯದು ಸಿಕ್ಕರೂ ಅರ್ಧ ಕೆಲಸ ಆಯಿತು. ನಮ್ಮ ಉದಾಹರಣೆಯ ಲೈನಿನಲ್ಲಿ ಎಲ್ಲ ಫೋನುಗಳಿಗೂ ಸೇರಿ ಒಳಕ್ಕೆ 8, ಹೊರಕ್ಕೆ 1 ಎಂಬಿಪಿಎಸ್ ಮಿತಿ ಹಾಕಿ. ಆಗ ಮದುವೆಯ ಫೋಟೊಗಳಿಗೆ ಅರ್ಧ ಗಂಟೆಯ ಬದಲು ಎರಡು ಗಂಟೆ ಬೇಕು. ಯಜಮಾನರು ಅಷ್ಟು ಹೊತ್ತು ಕೂರುವುದಿಲ್ಲ, ಉಳಿದದ್ದು ಇನ್ನೊಂದು ದಿನ ಹೋಗುತ್ತದೆ. ಅವರಿಗೆ ಗೊತ್ತೂ ಆಗುವುದಿಲ್ಲ. ಕಂಪ್ಯೂಟರ್‌ಗಳಿಗೆ ಹೊರದಾರಿಯ 3 ಎಂಬಿಪಿಎಸ್ ಸದಾ ಖಾಲಿ. ಅರ್ಜಿ, ಸ್ಕ್ಯಾನ್ ಪ್ರತಿ, ಬೆರಳಚ್ಚಿನ ದೃಢೀಕರಣಕ್ಕೆ ಅದು ಧಾರಾಳ. ಕೆಲವರು ಒಂದೊಂದು ಫೋನಿಗೂ ಇಷ್ಟಿಷ್ಟೇ ಎಂದು ಮಿತಿ ಹಾಕುತ್ತಾರೆ. ಅದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಒಬ್ಬಳೇ ಹುಡುಗಿ ಕೂತು ಆನ್‌ಲೈನ್ ಪಾಠ ಕೇಳುತ್ತಿರುವಾಗ ಉಳಿದ ಲೈನು ದಂಡವಾಗುತ್ತದೆ, ಐವತ್ತು ಫೋನು ಸೇರಿದ ದಿನ ಮಿತಿಯಿದ್ದೂ ಲೈನು ತುಂಬುತ್ತದೆ.

ಎರಡನೆಯ ಬಗೆ, ಅಂದರೆ ಎಸ್‌ಕ್ಯುಎಂ, ಸಾಲಿನ ರೀತಿಯನ್ನೇ ಬದಲಿಸುತ್ತದೆ. ಹಿಟ್ಟಿನ ಗಿರಣಿಗೆ ಒಬ್ಬ ಹತ್ತು ಮೂಟೆ ತಂದು ನಿಂತಿದ್ದಾನೆ, ಹಿಂದೆ ಒಬ್ಬ ಅಜ್ಜಿ ಎರಡು ಸೇರು ರಾಗಿ ಹಿಡಿದಿದ್ದಾಳೆ. ಬಂದ ಕ್ರಮದಲ್ಲೇ ಬೀಸಿದರೆ ಅಜ್ಜಿಗೆ ಸಂಜೆಯಾಗುತ್ತದೆ. ಮೂಟೆಯವನದು ಎರಡು ಸೇರು, ಅಜ್ಜಿಯದು ಎರಡು ಸೇರು ಎಂದು ಸರದಿಯಂತೆ ಹಾಕಿದರೆ ಅಜ್ಜಿ ಐದು ನಿಮಿಷದಲ್ಲಿ ಮನೆಗೆ ಹೋಗುತ್ತಾಳೆ, ಮೂಟೆಯವನಿಗೆ ತಡವಾಗುವುದು ಆ ಎರಡು ಸೇರಿನಷ್ಟೇ. ರೂಟರ್ ಕೂಡ ಹೀಗೆ ಪ್ರತಿ ಸಂಪರ್ಕದಿಂದ ಸ್ವಲ್ಪ ಸ್ವಲ್ಪ ತೆಗೆದುಕೊಂಡು ಕಳಿಸುತ್ತದೆ, ಜೊತೆಗೆ ಯಾವ ಸಾಲೂ ಉದ್ದವಾಗದಂತೆ ನೋಡಿಕೊಳ್ಳುತ್ತದೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಪ್ರಕಟಿಸಿದ ವಿಧಾನದ ಮೇಲೆ ಬೆಳೆದು ಬಂದ `fq_codel`, ಆಮೇಲಿನ `cake` ಎಂಬ ಹೆಸರುಗಳು ರೂಟರಿನ ಪರದೆಯಲ್ಲಿ ಕಂಡರೆ ಇದೇ ಎಂದು ತಿಳಿಯಿರಿ. ಕಾಸು ಕೊಡಬೇಕಿಲ್ಲ, ಎರಡೂ ಮುಕ್ತ ತಂತ್ರಾಂಶ.

ಆದರೆ ಎಸ್‌ಕ್ಯುಎಂ ಆನ್ ಮಾಡಿದರಷ್ಟೇ ಸಾಲದು. ಸಾಲು ಕಟ್ಟುವುದು ದಾರಿ ಕಿರಿದಾಗುವ ಜಾಗದಲ್ಲಿ. ಆ ಜಾಗ ಸಾಮಾನ್ಯವಾಗಿ ಲೈನಿನವರ ಪೆಟ್ಟಿಗೆ; ಅದರ ಒಳಗೆ ನಮ್ಮ ಮಾತು ನಡೆಯುವುದಿಲ್ಲ. ಆದ್ದರಿಂದ ನಮ್ಮ ರೂಟರ್ ಲೈನಿನ ಶಕ್ತಿಗಿಂತ ತುಸು ಕಡಿಮೆಯೇ ಕಳಿಸುವಂತೆ ಮಾಡಬೇಕು. ಹೊರಕ್ಕೆ 4 ಇದ್ದರೆ 3.4, ಒಳಕ್ಕೆ 20 ಇದ್ದರೆ 17, ಅಂದರೆ ನೂರಕ್ಕೆ ಎಂಬತ್ತೈದರ ಅಂದಾಜು. ಆಗ ಲೈನಿನವರ ಪೆಟ್ಟಿಗೆ ಸದಾ ಖಾಲಿ, ಸಾಲು ಕಟ್ಟಿದರೂ ಅದು ನಮ್ಮ ರೂಟರಿನಲ್ಲಿ, ನಮ್ಮ ಕ್ರಮದಲ್ಲಿ. ನೂರಕ್ಕೆ ಹದಿನೈದು ಕಳೆದುಕೊಂಡೆವಲ್ಲ ಎಂದು ಕೊರಗುವವರು ಮತ್ತೆ ಆ ಎರಡು ಪಿಂಗ್ ಕಿಟಕಿ ತೆರೆದು, ಒಂದು ದೊಡ್ಡ ಫೈಲನ್ನು ಅಪ್‌ಲೋಡಿಗೆ ಹಾಕಿ ನೋಡಲಿ. ಮೊದಲು 2,000 ತೋರಿಸುತ್ತಿದ್ದ ಅಂಕಿ ಈಗ 60, 70ರ ಆಸುಪಾಸಿನಲ್ಲಿ ನಿಂತರೆ ಕೆಲಸ ಸರಿಯಾಗಿದೆ. ನಿಲ್ಲದಿದ್ದರೆ ಮಿತಿಯನ್ನು ಇನ್ನಷ್ಟು ಇಳಿಸಿ.

ಎಷ್ಟಕ್ಕೆ ಎಂಬತ್ತೈದು ಎನ್ನುವುದು ಮುಖ್ಯ. ಪ್ಲಾನಿನ ಕಾಗದದಲ್ಲಿ ಬರೆದ ಅಂಕಿಗಲ್ಲ, ನೀವು ಅಳೆದ ಅಂಕಿಗೆ. ಕೇಂದ್ರ ಬಾಗಿಲು ತೆರೆಯುವ ಮೊದಲು ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ, ಉಳಿದ ಕೇಬಲ್‌ಗಳನ್ನು ಕಿತ್ತು ಒಂದೇ ಕಂಪ್ಯೂಟರಿನಲ್ಲಿ ಅಳೆದು, ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ. ಫೈಬರ್ ಲೈನಿನಲ್ಲಿ ಇದು ಚೆನ್ನಾಗಿ ಕೂರುತ್ತದೆ. 4ಜಿ ರೂಟರಿನಲ್ಲಿ ಟವರಿನ ಮೇಲಿನ ಜನಸಂದಣಿಯಂತೆ ವೇಗ ಗಂಟೆಗಂಟೆಗೆ ಏರಿಳಿಯುವುದರಿಂದ ಪೂರ್ತಿ ಫಲ ಸಿಗುವುದಿಲ್ಲ. ಸಂಜೆಯ ಕನಿಷ್ಠ ವೇಗಕ್ಕೆ ಮಿತಿ ಹಾಕಿದರೆ ಬೆಳಗಿನ ವೇಗದಲ್ಲಿ ಒಂದಷ್ಟು ಬಿಟ್ಟುಕೊಡಬೇಕಾಗುತ್ತದೆ. ನಾನಾದರೆ ಬಿಟ್ಟುಕೊಡುತ್ತೇನೆ.

ಕೇಬಲ್ ಎಳೆಯಿರಿ ಎಂದದ್ದಕ್ಕೆ ಕಾರಣ ಹೇಳಬೇಕು. ವೈಫೈಯ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ರೂಟರಿನ ಹತ್ತಿರ ಇರುವ ಫೋನು 72 ಎಂಬಿಪಿಎಸ್ ವೇಗದಲ್ಲಿ ಬೇಗ ಹೇಳಿ ಮುಗಿಸುತ್ತದೆ. ಹೊರಗೆ ಅರಳಿಕಟ್ಟೆಯ ಮೇಲೆ, ಎರಡು ಗೋಡೆಯಾಚೆ ಕೂತವರ ಫೋನು ಸಿಗ್ನಲ್ ಸಾಲದೆ 6ಕ್ಕೆ ಇಳಿದಿರುತ್ತದೆ. ಅಷ್ಟೇ ಮಾತು ಹೇಳಲು ಅದಕ್ಕೆ ಹನ್ನೆರಡು ಪಟ್ಟು ಹೊತ್ತು ಬೇಕು. ಅಲ್ಲಿಯವರೆಗೆ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಕಂಪ್ಯೂಟರ್ ಕೇಬಲಿನಲ್ಲಿದ್ದರೆ ಈ ಗೋಜು ಅದಕ್ಕೆ ತಟ್ಟುವುದಿಲ್ಲ. ಕಟ್ಟೆಯ ಮೇಲೆ ಕೂರುವವರಲ್ಲೂ ಒಂದು ಕೋರಿಕೆ: ಸಿಗ್ನಲ್ ಒಂದು ಕಡ್ಡಿ ತೋರಿಸುತ್ತಿದ್ದರೆ ನಾಲ್ಕು ಹೆಜ್ಜೆ ಒಳಗೆ ಬಂದು ಜಗಲಿಯಲ್ಲಿ ಕೂತುಕೊಳ್ಳಿ. ನಿಮ್ಮ ಕೆಲಸವೂ ಬೇಗ ಆಗುತ್ತದೆ.

ಫೋನು ತರುವ ಎಲ್ಲರಲ್ಲಿ ಇನ್ನೊಂದು ಕೋರಿಕೆ, ಇದು ಒಮ್ಮೆ ಮಾಡಿದರೆ ಸಾಕು. ಕೇಂದ್ರದ ವೈಫೈಗೆ ಸೇರಿದ ಮೇಲೆ ಅದರ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ. ಅಲ್ಲಿ `Network usage` ಅಥವಾ `Metered` ಎಂಬುದನ್ನು ಹುಡುಕಿ `Treat as metered` ಆಯ್ದುಕೊಳ್ಳಿ. ಈ ವೈಫೈ ಪುಕ್ಕಟೆಯಲ್ಲ ಎಂದು ಫೋನಿಗೆ ಹೇಳಿದಂತಾಯಿತು. ಫೋಟೊ ಬ್ಯಾಕಪ್, ಪ್ಲೇ ಸ್ಟೋರ್ ಅಪ್‌ಡೇಟುಗಳಂಥವು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತವೆ, ನೀವಾಗಿ ತೆರೆದದ್ದು ಮಾತ್ರ ನಡೆಯುತ್ತದೆ. ಐಫೋನ್ ಇದ್ದವರಿಗೆ ಅದೇ ಜಾಗದಲ್ಲಿ `Low Data Mode` ಇದೆ. ವಾಟ್ಸಾಪಿನಲ್ಲಿ `Storage and data` ಒಳಗೆ, ವೈಫೈಯಲ್ಲಿ ತಾನಾಗಿಯೇ ಇಳಿಸಿಕೊಳ್ಳುವ ಪಟ್ಟಿಯಿಂದ ವಿಡಿಯೊವನ್ನು ತೆಗೆದುಹಾಕಿ. ಇಪ್ಪತ್ತು ಗುಂಪುಗಳ ಶುಭೋದಯ ವಿಡಿಯೊಗಳು ಪಂಚಾಯಿತಿ ದುಡ್ಡಿನಲ್ಲಿ ಇಳಿಯುವುದು ತಪ್ಪಲಿ. ಹಿರಿಯರಿಗೆ ಇದೆಲ್ಲ ಕಷ್ಟ. ಅವರನ್ನು ಕೇಳಿ, ಅವರ ಎದುರಿನಲ್ಲೇ ಕೇಂದ್ರದವರು ಮಾಡಿಕೊಡಲಿ.

ಎಲ್ಲರ ಫೋನಿಗೂ ಕೈಹಾಕಲು ಆಗದು ಎನ್ನುವ ಕೇಂದ್ರದವರಿಗೆ ಒಂದು ಒಳದಾರಿ ಇದೆ, ಬಲ್ಲವರು ಕಡಿಮೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಫೋನುಗಳಿಗೆ ವಿಳಾಸ ಹಂಚುವ `dnsmasq` ಎಂಬ ಕಾರ್ಯಕ್ರಮಕ್ಕೆ ಈ ಒಂದು ಸಾಲು ಸೇರಿಸಿದರೆ, ಸೇರಿಕೊಳ್ಳುವ ಆಂಡ್ರಾಯ್ಡ್ ಫೋನುಗಳು ತಾವಾಗಿಯೇ ಈ ವೈಫೈಯನ್ನು ಮೀಟರ್ ಇರುವುದೆಂದು ಎಣಿಸುತ್ತವೆ.

```
dhcp-option-force=43,ANDROID_METERED
```

ಸೆಟ್ಟಿಂಗ್ ಮಾಡಲು ಬರುವ ಹುಡುಗನಿಗೆ ಇದನ್ನು ತೋರಿಸಿ, ಎರಡು ನಿಮಿಷದ ಕೆಲಸ. ಮಾತು ಕೇಳದ ಆ್ಯಪ್‌ಗಳು ಒಂದೆರಡು ಇದ್ದೇ ಇರುತ್ತವೆ, ಅವಕ್ಕೆ ಗೆಸ್ಟ್ ಮಿತಿ ಇದೆ.

ಆ ಹುಡುಗನ ಕೈಯಲ್ಲೇ ಇನ್ನೊಂದನ್ನೂ ಮಾಡಿಸಿ. ರೂಟರ್ ಪ್ರತಿ ಫೋನಿಗೂ ಒಂದು ಅಂಕಿಯ ವಿಳಾಸ ಕೊಟ್ಟು ಅದನ್ನು ಇಷ್ಟು ಹೊತ್ತು ಎಂದು ಕಾದಿರಿಸುತ್ತದೆ. ಮನೆಬಳಕೆಯ ಪೆಟ್ಟಿಗೆಗಳಲ್ಲಿ ಹಂಚಲು ನೂರು ವಿಳಾಸ, ಕಾದಿರಿಸುವುದು 24 ಗಂಟೆ ಎಂದು ಇರುವುದುಂಟು. ಪಡಿತರ ಚೀಟಿಯ ಇ-ಕೆವೈಸಿಗೆ ಊರೆಲ್ಲ ಬಂದ ದಿನ ಹತ್ತು ನಿಮಿಷ ನಿಂತು ಹೋದವರ ವಿಳಾಸವೂ ಮರುದಿನದವರೆಗೆ ಅವರ ಹೆಸರಿನಲ್ಲೇ ಇರುತ್ತದೆ. ನೂರ ಒಂದನೆಯವರ ಫೋನಿನಲ್ಲಿ `Obtaining IP address` ಎಂದು ಬರುತ್ತದೆ, ಮುಂದೆ ಏನೂ ಆಗುವುದಿಲ್ಲ. ರೂಟರನ್ನು ಒಮ್ಮೆ ಆರಿಸಿ ಹಚ್ಚಿದರೆ ಸರಿಹೋಗುವುದರಿಂದ ಯಾರೂ ಕಾರಣ ಹುಡುಕುವುದಿಲ್ಲ. ಗೆಸ್ಟ್ ವೈಫೈಗೆ ಈ ಅವಧಿಯನ್ನು ಅರ್ಧ ಗಂಟೆಗೆ ಇಳಿಸಿ, ಕಂಪ್ಯೂಟರ್‌ಗಳಿಗೂ ಪ್ರಿಂಟರಿಗೂ ಬದಲಾಗದ ವಿಳಾಸ ಕೊಟ್ಟರೆ ಮುಗಿಯಿತು.

ಫೋನುಗಳನ್ನೇ ದೂರಿದ್ದು ಸಾಕು. ಕೇಂದ್ರದ ಕಂಪ್ಯೂಟರ್‌ಗಳೂ ಸಾಚಾ ಏನಲ್ಲ. ವಿಂಡೋಸ್‌ನ ತಿಂಗಳ ಅಪ್‌ಡೇಟ್ ಬಂದಾಗ ಮೂರೂ ಕಂಪ್ಯೂಟರ್ ಬೇರೆಬೇರೆಯಾಗಿ ಅದನ್ನೇ ಇಳಿಸಿಕೊಳ್ಳಲು ಹೊರಡಬಹುದು. `Delivery Optimization` ಎಂಬಲ್ಲಿ ಹೋಗಿ `Devices on my local network` ಎಂದು ಆಯ್ದಿದ್ದರೆ ಒಂದು ಇಳಿಸಿಕೊಂಡದ್ದನ್ನು ಉಳಿದವು ಅದರಿಂದಲೇ ಪಡೆಯಬಲ್ಲವು. ಅಲ್ಲಿ ಇಂಟರ್ನೆಟ್ಟಿನ ಇತರ ಕಂಪ್ಯೂಟರ್‌ಗಳೊಂದಿಗೂ ಹಂಚಿಕೊಳ್ಳುವ ಆಯ್ಕೆ ಇದೆ; ಅದು ಆನ್ ಆಗಿದ್ದರೆ ನಮ್ಮ ಕಿರಿದಾದ ಹೊರದಾರಿಯಲ್ಲಿ ಯಾರದೋ ಕಂಪ್ಯೂಟರಿಗೆ ಅಪ್‌ಡೇಟ್ ಹೋಗುತ್ತಿರಬಹುದು. ತಪ್ಪದೆ ನೋಡಿ. ವಾರಕ್ಕೊಮ್ಮೆ ಕೇಂದ್ರ ಮುಚ್ಚುವ ಹೊತ್ತಿಗೆ ಅಪ್‌ಡೇಟ್ ಶುರುಮಾಡಿ, ಮುಗಿಯುವವರೆಗೆ ಪತ್ರಿಕೆಗಳನ್ನು ಜೋಡಿಸಿಡುವ ಗ್ರಂಥಪಾಲಕರೊಬ್ಬರನ್ನು ನಾನು ಬಲ್ಲೆ. ಹಗಲು ಅವರ ಕಂಪ್ಯೂಟರ್‌ಗಳು ಅಪ್‌ಡೇಟ್ ಎಂದು ಕೂತದ್ದನ್ನು ಕಂಡಿಲ್ಲ.

ಪಂಚಾಯಿತಿಯ ಮುಂದೆ ಮೂರು ಬೇಡಿಕೆ. ಒಂದು, ಮುಂದಿನ ಸಭೆಯಲ್ಲಿ ರೂಟರಿಗೂ ಕೇಬಲಿಗೂ ಹಣ ಇಡಿ. ಭಾರತ್‌ನೆಟ್‌ನ ಫೈಬರನ್ನು ಪಂಚಾಯಿತಿ ಕಟ್ಟಡದವರೆಗೆ ತರುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಇಷ್ಟು ದೂರ ಎಳೆದು ತಂದ ಮೇಲೆ, ಕಟ್ಟಡದ ಒಳಗಿನ ಮೂವತ್ತು ಅಡಿ ನಮ್ಮ ಹೊಣೆ. ಎರಡು, ಜನ ದಟ್ಟೈಸಿದಾಗ ಯಾವ ಕೆಲಸಕ್ಕೆ ಮೊದಲು ಲೈನು ಎಂದು ಗ್ರಾಮಸಭೆಯಲ್ಲಿ ಕೇಳಿ ತೀರ್ಮಾನಿಸಿ ಫಲಕ ಹಾಕಿ. ಗೆಸ್ಟ್ ಮಿತಿ 1 ಇರಬೇಕೋ 2 ಇರಬೇಕೋ ಎನ್ನುವುದು ರೂಟರ್ ಸೆಟ್ ಮಾಡುವವನು ತನ್ನಷ್ಟಕ್ಕೆ ಹೇಳುವ ಮಾತಲ್ಲ. ಪರೀಕ್ಷೆಯ ಕಾಲದಲ್ಲಿ ಮಕ್ಕಳಿಗೆ ಹೆಚ್ಚು ಬಿಡಬೇಕೆಂದು ಊರು ಹೇಳಿದರೆ ಹಾಗೇ ಆಗಲಿ. ಮೂರು, ರೂಟರಿನ ಆಡಳಿತದ ಪಾಸ್‌ವರ್ಡ್, ಲೈನಿನ ಯೂಸರ್‌ನೇಮ್ ಪಾಸ್‌ವರ್ಡ್, ಹಾಕಿದ ಮಿತಿಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಲಕೋಟೆಯಲ್ಲಿ ಪಿಡಿಒ ಅವರ ಬಳಿ ಇಡಿಸಿ. ಹೋಬಳಿಯಿಂದ ಬಂದ ಹುಡುಗ ಎಲ್ಲ ಸರಿಮಾಡಿ ಹೋಗಿ ಆರು ತಿಂಗಳಿಗೆ ಊರುಬಿಟ್ಟಿರುತ್ತಾನೆ. ಆಮೇಲೆ ಯಾರೋ ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡುತ್ತಾರೆ. ಆರಿಸಿ ಹಚ್ಚುವುದು ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಮಿತಿಗಳ ಜೊತೆ ಲೈನಿನ ಯೂಸರ್‌ನೇಮೂ ಅಳಿಸಿಹೋಗಬಹುದು, ಆಮೇಲೆ ಲೈನ್‌ಮನ್ ಬರುವವರೆಗೆ ಇಡೀ ಕೇಂದ್ರಕ್ಕೆ ನೆಟ್ ಇಲ್ಲ. ಆ ತೂತಿನ ಮೇಲೆ ಒಂದು ಟೇಪು ಅಂಟಿಸಿಬಿಡಿ.

ಇಷ್ಟೆಲ್ಲ ಮಾಡಿಯೂ ಕೆಲಸ ನಿಂತರೆ ಲೈನಿನವರಿಗೆ ದೂರು ಕೊಡಬೇಕಾಗುತ್ತದೆ. ‘ನೆಟ್ ಸ್ಲೋ ಇದೆ’ ಎಂಬ ದೂರಿಗೆ ಯಾರೂ ಬರುವುದಿಲ್ಲ. ಕೇಂದ್ರದ ಮೇಜಿನ ಮೇಲೆ ಒಂದು ಹಾಳೆ ಇಡಿ. ತೊಂದರೆ ಆದಾಗಲೆಲ್ಲ ತಾರೀಕು, ಗಂಟೆ, ರೂಟರಿನ ಪಿಂಗ್ ಎಷ್ಟು, ಹೊರಗಿನ ಪಿಂಗ್ ಎಷ್ಟು, ಆಗ ಎಷ್ಟು ಫೋನು ಸೇರಿದ್ದವು ಎಂದು ಬರೆಯಿರಿ. ಫೋನು ಎರಡೇ ಇದ್ದು, ಕಂಪ್ಯೂಟರ್ ಸುಮ್ಮನಿದ್ದು, ರೂಟರ್ ನೆಟ್ಟಗಿದ್ದೂ ಹೊರಗಿನದು ಏರಿದ ಸಾಲುಗಳ ಕೆಳಗೆ ಗೆರೆ ಹಾಕಿ ದೂರಿನ ಜೊತೆ ಲಗತ್ತಿಸಿ. ಒಂದು ಪ್ರತಿ ಪಂಚಾಯಿತಿ ಕಚೇರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.